ಮೂರು ಆವರ್ತಕ ಕೆಲಸಗಳು, ಒಂದು ಪ್ರೊಸೆಸರ್: ರೇಟ್ ಮೊನೊಟಾನಿಕ್ ಸಾಕೇ, ಇಡಿಎಫ್ ಬೇಕೇ?

ಪ್ರಶ್ನೆ: “ಹೆಬ್ರಿ ಹತ್ತಿರದ ನಮ್ಮ ಅಡಿಕೆ ತೋಟದ ಪಂಪಿಗೆ ಎಸ್‌ಟಿಎಂ32 ಬೋರ್ಡಿನಲ್ಲಿ ಫ್ರೀಆರ್‌ಟಿಓಎಸ್ ಹಾಕಿ ಕಂಟ್ರೋಲರ್ ಮಾಡುತ್ತಿದ್ದೇನೆ. ಮೋಟಾರಿನ ಕರೆಂಟ್ ಅಳತೆ 20 ಮಿಲಿಸೆಕೆಂಡಿಗೊಮ್ಮೆ, 6 ಹಿಡಿಯುತ್ತದೆ. ಪ್ರೆಶರ್ ನೋಡಿ ವಾಲ್ವ್ ತಿದ್ದುವುದು 50ಕ್ಕೊಮ್ಮೆ, 15 ಹಿಡಿಯುತ್ತದೆ. ಡಿಸ್‌ಪ್ಲೇ ಮತ್ತು ಮೆಮೊರಿ ಕಾರ್ಡ್ 80ಕ್ಕೊಮ್ಮೆ, 27 ಹಿಡಿಯುತ್ತದೆ. ರೇಟ್ ಮೊನೊಟಾನಿಕ್ ಪ್ರಕಾರವೇ ಪ್ರಯಾರಿಟಿ ಕೊಟ್ಟಿದ್ದೇನೆ, ಆದರೂ ಕಾರ್ಡಿನ ಕೆಲಸ ಆಗಾಗ ತಡವಾಗುತ್ತಿದೆ. ಇಡಿಎಫ್‌ಗೆ ಬದಲಾಯಿಸಬೇಕೇ?”

ಬದಲಾಯಿಸಬೇಕಾಗಿಲ್ಲ. ಕಾರ್ಡಿನ ಅವಧಿಯನ್ನು 80ರಿಂದ 100 ಮಿಲಿಸೆಕೆಂಡಿಗೆ ಏರಿಸಿ, ಆದ್ಯತೆಗಳನ್ನು ಈಗಿರುವಂತೆಯೇ ಉಳಿಸಿಕೊಳ್ಳಿ. ರೇಟ್ ಮೊನೊಟಾನಿಕ್ ಎಂದರೆ ಅವಧಿ ಚಿಕ್ಕದಾದಷ್ಟೂ ಹೆಚ್ಚಿನ ಸ್ಥಿರ ಆದ್ಯತೆ, ಇಡಿಎಫ್ ಎಂದರೆ ಆಯಾ ಕ್ಷಣದಲ್ಲಿ ಯಾವ ಕೆಲಸದ ಗಡುವು ಮೊದಲು ಬರುತ್ತದೆಯೋ ಅದಕ್ಕೆ ಮೊದಲ ಸ್ಥಾನ. ಇಡಿಎಫ್ ನಿಮ್ಮ ಈಗಿನ ತಡವನ್ನು ನಿವಾರಿಸುವುದು ನಿಜ. ಆದರೂ ಈ ಪಂಪಿಗೆ ನಾನು ಅದನ್ನು ಏಕೆ ಸೂಚಿಸುವುದಿಲ್ಲ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲಿಗೆ ಯುಟಿಲೈಸೇಶನ್, ಅಂದರೆ ಮೂರೂ ಕೆಲಸಗಳು ಸೇರಿ ಪ್ರೊಸೆಸರಿನ ಸಮಯದ ಎಷ್ಟು ಪಾಲನ್ನು ಬಳಸುತ್ತವೆ ಎಂಬುದನ್ನು ನೋಡೋಣ. ಎರಡನೆಯ ಸಾಲು ಮೂರು ಕೆಲಸಗಳಿಗೆ ರೇಟ್ ಮೊನೊಟಾನಿಕ್‌ನ ಮಿತಿ.

```
6/20 + 15/50 + 27/80 = 0.30 + 0.30 + 0.3375 = 0.9375
3 × (2^(1/3) − 1) ≈ 0.78
```

ಮಿತಿ 0.78, ನಿಮ್ಮದು 0.9375, ಆದ್ದರಿಂದ ರೇಟ್ ಮೊನೊಟಾನಿಕ್ ಸೋಲಲೇಬೇಕು ಎಂದು ನಮ್ಮ ವೇದಿಕೆಯ ಕಾರ್ಕಳದ ಸದಸ್ಯರು ಇದೇ ಪ್ರಶ್ನೆಗೆ ಉತ್ತರವಾಗಿ ಬರೆದಿದ್ದಾರೆ. ಅವರು ಬಳಸಿದ ಸೂತ್ರ ಸರಿ, ತೀರ್ಮಾನ ಮಾತ್ರ ಪೂರ್ತಿ ಸರಿಯಲ್ಲ. 1973ರಲ್ಲಿ ಲಿಯು ಮತ್ತು ಲೇಲ್ಯಾಂಡ್ ತೋರಿಸಿದ ಈ ಮಿತಿ ಒಂದೇ ದಿಕ್ಕಿನಲ್ಲಿ ಮಾತನಾಡುತ್ತದೆ: ಮೊತ್ತ 0.78ರ ಒಳಗಿದ್ದರೆ ಅವಧಿಗಳು ಏನೇ ಆಗಿರಲಿ ಮೂರು ಕೆಲಸಗಳೂ ಗಡುವಿನೊಳಗೆ ಮುಗಿಯುತ್ತವೆ. ಮೊತ್ತ ಅದನ್ನು ಮೀರಿ, 1ರ ಒಳಗೇ ಉಳಿದರೆ, ಈ ಸೂತ್ರ ಹೌದು ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ಆಗ ಪ್ರತಿಯೊಂದು ಕೆಲಸ ಮುಗಿಯುವ ಸಮಯವನ್ನೇ ಲೆಕ್ಕ ಹಾಕಬೇಕಾಗುತ್ತದೆ. ನಿಮ್ಮ ಕಾರ್ಡಿನ ಕೆಲಸ 27ರ ಬದಲು 26 ಮಿಲಿಸೆಕೆಂಡ್ ಹಿಡಿಯುತ್ತಿದ್ದರೆ ಮೊತ್ತ 0.925 ಆಗಿ ಆ ಮಿತಿಗಿಂತ ಬಹಳ ಮೇಲೆಯೇ ಇರುತ್ತಿತ್ತು, ಆದರೂ ಒಂದು ಗಡುವೂ ತಪ್ಪುತ್ತಿರಲಿಲ್ಲ.

ಲೆಕ್ಕ ಹಾಕುವ ಕ್ರಮ ಹೀಗಿದೆ. ಮೂರೂ ಕೆಲಸಗಳು ಒಂದೇ ಕ್ಷಣದಲ್ಲಿ ಸಿದ್ಧವಾಗುವುದು ಅತಿ ಕೆಟ್ಟ ಸ್ಥಿತಿ ಎಂದು ಇಟ್ಟುಕೊಂಡು, ಕೊನೆಯ ಕೆಲಸದ ಸ್ವಂತ ಸಮಯಕ್ಕೆ ಅದು ಮುಗಿಯುವುದರೊಳಗೆ ಮೇಲಿನ ಕೆಲಸಗಳು ಎಷ್ಟು ಬಾರಿ ನುಗ್ಗುತ್ತವೆಯೋ ಅಷ್ಟನ್ನೂ ಕೂಡಿಸಬೇಕು. ಕೂಡಿಸಿದ ಮೇಲೆ ಸಮಯ ಬೆಳೆಯುತ್ತದೆ, ಬೆಳೆದ ಸಮಯದಲ್ಲಿ ಇನ್ನಷ್ಟು ಬಾರಿ ನುಗ್ಗುವ ಸಾಧ್ಯತೆ ಇರುತ್ತದೆ. ಆದ್ದರಿಂದ ಉತ್ತರ ಒಂದೇ ಸಂಖ್ಯೆಯಲ್ಲಿ ನಿಲ್ಲುವವರೆಗೆ ಅಥವಾ ಗಡುವನ್ನು ದಾಟುವವರೆಗೆ ಮತ್ತೆ ಮತ್ತೆ ಕೂಡಿಸುತ್ತಾ ಹೋಗಬೇಕು.

```
27 + 1×6 + 1×15 = 48
27 + 3×6 + 1×15 = 60
27 + 3×6 + 2×15 = 75
27 + 4×6 + 2×15 = 81   (> 80)
```

ಕರೆಂಟ್ ಅಳತೆ 6ರಲ್ಲಿ, ವಾಲ್ವಿನ ಕೆಲಸ 27ರಲ್ಲಿ ಮುಗಿಯುವುದರಿಂದ ಅವೆರಡಕ್ಕೆ ಯಾವ ತೊಂದರೆಯೂ ಇಲ್ಲ. ಕಾರ್ಡಿನ ಕೆಲಸ ಮಾತ್ರ 80ರ ಗಡುವು ಬಂದಾಗ ಇನ್ನೂ ಒಂದೇ ಒಂದು ಮಿಲಿಸೆಕೆಂಡಿನಷ್ಟು ಉಳಿದಿರುತ್ತದೆ, ಆ ಕ್ಷಣದಲ್ಲೇ ಕರೆಂಟ್ ಅಳತೆ ಮತ್ತೆ ನುಗ್ಗುವುದರಿಂದ 87ರಲ್ಲಿ ಮುಗಿಯುತ್ತದೆ. 20, 50 ಮತ್ತು 80ರ ಅವಧಿಗಳು 400 ಮಿಲಿಸೆಕೆಂಡಿಗೊಮ್ಮೆ ಮತ್ತೆ ಒಟ್ಟಿಗೆ ಸೇರುತ್ತವೆ. ನೀವು “ಆಗಾಗ” ಎಂದು ಬರೆದಿರುವುದಕ್ಕೆ ಇದು ಹೊಂದುತ್ತದೆ. ತಡವಾದ ಸರದಿಗಳ ಸಮಯವನ್ನು ಬರೆದಿಟ್ಟುಕೊಂಡರೆ ಈ 400ರ ಅಂತರ ಕಾಣಿಸಬೇಕು. ಕಾಣಿಸದಿದ್ದರೆ ತಡಕ್ಕೆ ಬೇರೆ ಕಾರಣವಿದೆ ಎಂದೇ ತಿಳಿಯಬೇಕು.

ಇದೇ ಸಂಖ್ಯೆಗಳಿಗೆ ಇಡಿಎಫ್ ಏನು ಮಾಡುತ್ತದೆ? ಅದಕ್ಕೆ ಮಿತಿ 1. ಗಡುವು ಅವಧಿಯಷ್ಟೇ ಇದ್ದು ಮೊತ್ತ 1ನ್ನು ಮೀರದಿದ್ದರೆ ಎಲ್ಲವೂ ಮುಗಿಯುತ್ತವೆ. ವ್ಯತ್ಯಾಸ ಹುಟ್ಟುವುದು 50ನೆಯ ಮಿಲಿಸೆಕೆಂಡಿನಲ್ಲಿ. ಆಗ ವಾಲ್ವಿನ ಎರಡನೆಯ ಸರದಿ ಸಿದ್ಧವಾಗುತ್ತದೆ, ಕಾರ್ಡಿನ ಕೆಲಸ ಇನ್ನೂ ಅರ್ಧದಲ್ಲಿದೆ. ರೇಟ್ ಮೊನೊಟಾನಿಕ್ ವಾಲ್ವಿನ ಅವಧಿ ಚಿಕ್ಕದೆಂದು ಕಾರ್ಡನ್ನು ನಿಲ್ಲಿಸಿಬಿಡುತ್ತದೆ. ಇಡಿಎಫ್ ಎರಡರ ಗಡುವನ್ನು ನೋಡುತ್ತದೆ: ವಾಲ್ವಿನದು 100, ಕಾರ್ಡಿನದು 80. ಆದ್ದರಿಂದ ಕಾರ್ಡ್ ಮುಂದುವರಿದು 60ರಲ್ಲೇ ಮುಗಿಯುತ್ತದೆ, ವಾಲ್ವ್ ಕಾದಿದ್ದು 100ರೊಳಗೆ ಆರಾಮವಾಗಿ ಮುಗಿಯುತ್ತದೆ. ಮಂಗಳೂರಿನ ಸದಸ್ಯರು ಇಡಿಎಫ್ ಪರವಾಗಿ ಬರೆದದ್ದು ಇಲ್ಲಿಯವರೆಗೆ ಸಂಪೂರ್ಣ ಸರಿ.

ನನ್ನ ಹಿಂಜರಿಕೆ ಆ 27 ಎಂಬ ಸಂಖ್ಯೆಯ ಬಗ್ಗೆ. ಮೆಮೊರಿ ಕಾರ್ಡ್ ಸಾಮಾನ್ಯವಾಗಿ ಬೇಗ ಬರೆಯುತ್ತದೆ, ಆದರೆ ನಡುನಡುವೆ ತನ್ನೊಳಗಿನ ಬ್ಲಾಕುಗಳನ್ನು ಅಳಿಸಿ ಹೊಂದಿಸಿಕೊಳ್ಳುವಾಗ ನೂರು ಮಿಲಿಸೆಕೆಂಡಿಗೂ ಹೆಚ್ಚು ಕಾಲ “ಬ್ಯುಸಿ” ಎಂದು ನಿಂತುಬಿಡುವುದುಂಟು. ಸ್ವಲ್ಪ ಹೊತ್ತು ಅಳೆದು ಸಿಕ್ಕಿದ ಅತಿ ದೊಡ್ಡ ಸಂಖ್ಯೆ 27 ಆಗಿದ್ದರೆ ಅದು ನಿಜವಾದ ಗರಿಷ್ಠವಲ್ಲ. ಕೆಲಸದ ಆರಂಭದಲ್ಲಿ ಒಂದು ಪಿನ್ನನ್ನು ಮೇಲೆತ್ತಿ ಕೊನೆಯಲ್ಲಿ ಇಳಿಸಿ, ಲಾಜಿಕ್ ಅನಲೈಸರಿನಲ್ಲಿ ಒಂದು ರಾತ್ರಿಯಿಡೀ ದಾಖಲಿಸಿ ನೋಡಿ. ಹೀಗೆ ಅಳೆಯುವಾಗ ಕಾರ್ಡಿನ ಕೆಲಸವೊಂದನ್ನೇ ಓಡಿಸಬೇಕು. ಇಲ್ಲವಾದರೆ ಮೇಲಿನ ಕೆಲಸಗಳು ನುಗ್ಗಿದ ಸಮಯವೂ ಅದರಲ್ಲಿ ಸೇರಿಕೊಳ್ಳುತ್ತದೆ.

ಒಂದು ಸರದಿಯಲ್ಲಿ ಕಾರ್ಡ್ 150 ಮಿಲಿಸೆಕೆಂಡ್ ಹಿಡಿಯಿತು, ಮತ್ತು ಲೈಬ್ರರಿ ಅಷ್ಟು ಹೊತ್ತೂ ಲೂಪಿನಲ್ಲಿ ಸುತ್ತುತ್ತಾ ಕಾದಿತು ಎಂದುಕೊಳ್ಳಿ. ಸ್ಥಿರ ಆದ್ಯತೆಯಲ್ಲಿ ಕಾರ್ಡ್ ಎಲ್ಲರಿಗಿಂತ ಕೆಳಗಿರುವುದರಿಂದ ಕರೆಂಟ್ ಅಳತೆ 6ರಲ್ಲಿ, ವಾಲ್ವ್ 27ರಲ್ಲಿ ಎಂದಿನಂತೆ ಮುಗಿಯುತ್ತಲೇ ಇರುತ್ತವೆ. ತಪ್ಪುವುದು ಕಾರ್ಡಿನ ಕೆಲವು ಸರದಿಗಳು ಮಾತ್ರ. ಇಡಿಎಫ್‌ನಲ್ಲಿ ಹಾಗಲ್ಲ. 80 ಕಳೆದ ಮೇಲೆ ಕಾರ್ಡಿನ ಗಡುವು ಎಲ್ಲಕ್ಕಿಂತ ಹಿಂದಿನದಾಗಿರುತ್ತದೆ, ಆದ್ದರಿಂದ ಅದಕ್ಕೇ ಮೊದಲ ಸ್ಥಾನ. ಮೇಲಿನ ಸಂಖ್ಯೆಗಳನ್ನೇ ಹಿಡಿದು ಬರೆದರೆ ಕಾರ್ಡ್ 189ನೆಯ ಮಿಲಿಸೆಕೆಂಡಿನವರೆಗೆ ಪ್ರೊಸೆಸರನ್ನು ಬಿಟ್ಟುಕೊಡುವುದಿಲ್ಲ, ಮತ್ತು ಕರೆಂಟ್ ಅಳತೆಯ 100, 120, 140, 160, 180ರ ಐದು ಗಡುವುಗಳು ಒಂದರ ಹಿಂದೆ ಒಂದು ತಪ್ಪುತ್ತವೆ.

ಇಷ್ಟರಿಂದ ಮೋಟಾರ್ ಸುಟ್ಟುಹೋಗುವುದಿಲ್ಲ. ಬಾವಿಯಲ್ಲಿ ನೀರಿಲ್ಲದೆ ಪಂಪ್ ಓಡಿದರೂ ಹಾನಿಯಾಗಲು ಇದಕ್ಕಿಂತ ಬಹಳ ಹೆಚ್ಚು ಹೊತ್ತು ಬೇಕು. ಆದರೆ 20 ಮಿಲಿಸೆಕೆಂಡ್ ಎಂದರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಪೂರ್ಣ ಸುತ್ತು. ಡಿಎಂಎ ತುಂಬಿಸುವ ಎರಡು ಭಾಗದ ಬಫರನ್ನು ನೀವು ಬಳಸುತ್ತಿದ್ದರೆ, ಒಂದು ಭಾಗವನ್ನು ಓದಿ ಮುಗಿಸುವ ಮೊದಲೇ ಅದರ ಮೇಲೆ ಹೊಸ ಮಾದರಿಗಳು ಬಂದು ಕೂರುತ್ತವೆ. ಆಗ ಕರೆಂಟಿನ ಲೆಕ್ಕವೇ ಸುಳ್ಳಾಗಿ, ಪಂಪ್ ಕಾರಣವಿಲ್ಲದೆ ಟ್ರಿಪ್ ಆಗಬಹುದು. ಅಂಥ ದೋಷವನ್ನು ತೋಟದಲ್ಲಿ ಹುಡುಕುವುದು ಬಹಳ ಕಷ್ಟ, ಏಕೆಂದರೆ ಎಲ್ಲರೂ ವೈರಿಂಗನ್ನೇ ಶಂಕಿಸುತ್ತಾರೆ.

ಮಂಗಳೂರಿನ ಸದಸ್ಯರು ರಾಸ್ಪ್‌ಬೆರಿ ಪೈ ಬಳಸುವವರು. ಲಿನಕ್ಸ್ ಕರ್ನೆಲಿನಲ್ಲಿ 2014ರ 3.14ನೆಯ ಆವೃತ್ತಿಯಿಂದ `SCHED_DEADLINE` ಇದೆ, ಅದು ಇಡಿಎಫ್ ಆಗಿದ್ದೂ ಹೀಗೆ ಹಿಡಿತ ತಪ್ಪುವುದಿಲ್ಲ ಎಂದು ಅವರು ಹೇಳುವುದು ನಿಜ. ಆದರೆ ಅಲ್ಲಿ ರಕ್ಷಣೆ ಕೊಡುವುದು ಇಡಿಎಫ್ ಅಲ್ಲ, ಅದರ ಜೊತೆಗಿರುವ ಬಜೆಟ್ ವ್ಯವಸ್ಥೆ: 27 ಮಿಲಿಸೆಕೆಂಡ್ ಎಂದು ಕೇಳಿಕೊಂಡ ಕೆಲಸ ಅಷ್ಟನ್ನು ಬಳಸಿದ ಕೂಡಲೇ ಮುಂದಿನ ಅವಧಿಯವರೆಗೆ ತಡೆಯಲ್ಪಡುತ್ತದೆ. ಫ್ರೀಆರ್‌ಟಿಓಎಸ್‌ನ ಮೂಲ ಶೆಡ್ಯೂಲರಿನಲ್ಲಿ ಇಡಿಎಫ್ ಆಗಲಿ ಈ ಬಜೆಟ್ ಆಗಲಿ ಇಲ್ಲ. `vTaskPrioritySet` ಕರೆದು ಇಡಿಎಫ್ ಅನ್ನು ನೀವೇ ಕಟ್ಟಬಹುದು, ಬಜೆಟ್ ಕಟ್ಟುವುದು ಅಷ್ಟು ಸುಲಭವಲ್ಲ. ಶಾಶ್ವತವಾಗಿ ಭಾರ ಹೆಚ್ಚಾದಾಗ ಇಡಿಎಫ್ ಎಲ್ಲ ಕೆಲಸಗಳನ್ನೂ ಒಂದೇ ಪ್ರಮಾಣದಲ್ಲಿ ನಿಧಾನಗೊಳಿಸುತ್ತದೆ, ಕೆಳಗಿನ ಕೆಲಸವನ್ನು ಪೂರ್ತಿ ಉಪವಾಸ ಕೆಡಹುವುದಕ್ಕಿಂತ ಅದೇ ನ್ಯಾಯ ಎಂಬ ಅವರ ಇನ್ನೊಂದು ವಾದಕ್ಕೂ ಬೆಲೆಯಿದೆ. ಮೂರು ಕೆಲಸಗಳೂ ಸಮಾನ ಬೆಲೆಯವಾಗಿದ್ದರೆ ನಾನೂ ಒಪ್ಪಬಹುದು. ಒಂದು ಮೋಟಾರನ್ನು ಕಾಯುತ್ತಿದ್ದು ಇನ್ನೊಂದು ದಾಖಲೆ ಬರೆಯುತ್ತಿರುವಾಗ ಒಪ್ಪುವುದಿಲ್ಲ. ಈ ವಿಷಯದಲ್ಲಿ ನಮ್ಮಿಬ್ಬರ ಅಭಿಪ್ರಾಯ ಬೇರೆಯಾಗಿಯೇ ಉಳಿಯಬಹುದು.

ವಾಲ್ವಿನ ಅವಧಿಯನ್ನು 60ಕ್ಕೆ ಏರಿಸಿದರೆ ಸಾಕು ಎಂದು ಮೂಡುಬಿದಿರೆಯ ಸದಸ್ಯರು ಸೂಚಿಸಿದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಅದು ನೋಡಲು ಬಹಳ ಚೆನ್ನಾಗಿದೆ. ಹಾಗೆ ಮಾಡಿದರೆ ಕಾರ್ಡಿನ ಕೆಲಸ ಸರಿಯಾಗಿ 60ರಲ್ಲಿ ಮುಗಿಯುತ್ತದೆ, ಗಡುವಿಗೆ ಇನ್ನೂ 20 ಮಿಲಿಸೆಕೆಂಡ್ ಬಾಕಿ ಇರುತ್ತದೆ. ಆದರೆ ಕಾರ್ಡಿನ ಕೆಲಸ 27ರ ಬದಲು 28 ಆದ ಕ್ಷಣ ಅದು 60ರ ಗೆರೆಯನ್ನು ದಾಟುತ್ತದೆ, ಅಲ್ಲಿ ಕರೆಂಟ್ ಅಳತೆ ಮತ್ತು ವಾಲ್ವ್ ಎರಡೂ ಒಟ್ಟಿಗೆ ನುಗ್ಗುತ್ತವೆ, 80ರಲ್ಲಿ ಕರೆಂಟ್ ಅಳತೆ ಮತ್ತೊಮ್ಮೆ ನುಗ್ಗುತ್ತದೆ, ಮುಗಿಯುವ ಸಮಯ ನೇರವಾಗಿ 88ಕ್ಕೆ ಹಾರುತ್ತದೆ. ಗಡುವಿಗೆ 20 ಬಾಕಿ ಇದ್ದರೂ ಕೆಲಸ ಒಂದು ಮಿಲಿಸೆಕೆಂಡ್ ಬೆಳೆಯಲು ಜಾಗವಿಲ್ಲ. ಆದ್ದರಿಂದ ಎಷ್ಟರಲ್ಲಿ ಮುಗಿಯಿತು ಎಂಬುದನ್ನಷ್ಟೇ ನೋಡದೆ, ಕೆಲಸ ಎಷ್ಟರವರೆಗೆ ಬೆಳೆದರೂ ಗಡುವು ತಪ್ಪುವುದಿಲ್ಲ ಎಂಬುದನ್ನೂ ಪರೀಕ್ಷಿಸಬೇಕು.

ಅದೇ ಪರೀಕ್ಷೆಯನ್ನು 20, 50, 100ಕ್ಕೆ ಮಾಡಿ ನೋಡಿ.

```
27 + 5×6 + 2×15 = 87
40 + 5×6 + 2×15 = 100
```

ಕಾರ್ಡಿನ ಕೆಲಸ 87ರಲ್ಲಿ ಮುಗಿಯುತ್ತದೆ, ಮತ್ತು ಅದು 40 ಮಿಲಿಸೆಕೆಂಡಿನವರೆಗೆ ಬೆಳೆದರೂ ಗಡುವು ತಪ್ಪುವುದಿಲ್ಲ. ಮೊತ್ತ 0.87, 0.78ರ ಮಿತಿಗಿಂತ ಈಗಲೂ ಮೇಲೆ, ಆದರೂ ಸುರಕ್ಷಿತ. 100 ಎಂಬುದು 20ರಿಂದಲೂ 50ರಿಂದಲೂ ಭಾಗವಾಗುವುದೇ ಇದಕ್ಕೆ ಕಾರಣ. ಡಿಸ್‌ಪ್ಲೇ ಸೆಕೆಂಡಿಗೆ ಹತ್ತು ಬಾರಿ ಬದಲಾದರೆ ಓದುವವರಿಗೆ ಯಾವ ಕೊರತೆಯೂ ಕಾಣುವುದಿಲ್ಲ.

ಈ ಲೆಕ್ಕಗಳೆಲ್ಲ ಕೆಲಸಗಳು ನಿಜವಾಗಿ ಆವರ್ತಕವಾಗಿದ್ದರೆ ಮಾತ್ರ ಹೊಂದುತ್ತವೆ. ಲೂಪಿನ ಕೊನೆಯಲ್ಲಿ `vTaskDelay(50)` ಬರೆದಿದ್ದರೆ ಕೆಲಸ ಮುಗಿದ ಮೇಲೆ 50 ಎಣಿಕೆಯಾಗುತ್ತದೆ, ಅವಧಿ 65 ಅಥವಾ ಅದಕ್ಕೂ ಹೆಚ್ಚಾಗಿ ಪ್ರತಿ ಸುತ್ತಿನಲ್ಲೂ ಬದಲಾಗುತ್ತದೆ. ಹೀಗೆ ಬರೆಯಿರಿ:

```
TickType_t t = xTaskGetTickCount();
for (;;) {
  adjustValve();
  vTaskDelayUntil(&t, pdMS_TO_TICKS(50));
}
```

ಪುತ್ತೂರಿನ ಸದಸ್ಯರು ತಮ್ಮ ಅಡಿಕೆ ಡ್ರೈಯರಿನಲ್ಲಿ ಉಷ್ಣತೆಯ ಕೆಲಸವೇ ಮುಖ್ಯವೆಂದು ಅದಕ್ಕೆ ಮೇಲಿನ ಆದ್ಯತೆ ಕೊಟ್ಟಿದ್ದೇನೆ ಎಂದಿದ್ದಾರೆ. ರೇಟ್ ಮೊನೊಟಾನಿಕ್‌ನಲ್ಲಿ ಆದ್ಯತೆ ನಿರ್ಧಾರವಾಗುವುದು ಅವಧಿಯಿಂದ, ಮಹತ್ವದಿಂದಲ್ಲ. ಐದು ಸೆಕೆಂಡಿಗೊಮ್ಮೆ ನಡೆಯುವ ಆ ಕೆಲಸವನ್ನು ಎಲ್ಲಕ್ಕಿಂತ ಕೆಳಗಿಟ್ಟರೂ ಅದು ತನ್ನ ಗಡುವಿಗಿಂತ ಬಹಳ ಮೊದಲೇ ಮುಗಿಯುತ್ತದೆಯೇ ಎಂಬುದನ್ನು ಇದೇ ಕ್ರಮದಲ್ಲಿ ಲೆಕ್ಕ ಹಾಕಿ ನೋಡಲಿ. ಹೆಬ್ರಿಯ ಪಂಪಿನಲ್ಲಿ ಅತಿ ಮುಖ್ಯ ಕೆಲಸದ ಅವಧಿಯೇ ಅತಿ ಚಿಕ್ಕದಾಗಿರುವುದು ನಮ್ಮ ಅನುಕೂಲ, ಎಲ್ಲ ಕಡೆ ಹಾಗಿರುವುದಿಲ್ಲ.

ಪ್ರೆಶರ್ ಸೆನ್ಸರ್ ಮತ್ತು ಮೆಮೊರಿ ಕಾರ್ಡ್ ಒಂದೇ ಎಸ್‌ಪಿಐ ಬಸ್ಸಿನ ಮೇಲಿವೆಯೇ ಎಂಬುದನ್ನು ನೀವು ತಿಳಿಸಿಲ್ಲ. ಇದ್ದರೆ ಕಾರ್ಡ್ ಬಸ್ಸನ್ನು ಹಿಡಿದು ನಿಂತಾಗ ವಾಲ್ವಿನ ಕೆಲಸ ಆದ್ಯತೆ ಎಷ್ಟೇ ಹೆಚ್ಚಿದ್ದರೂ ಕಾಯಬೇಕಾಗುತ್ತದೆ. ಆ 150 ಮಿಲಿಸೆಕೆಂಡಿನ ತಡ ನೇರವಾಗಿ ವಾಲ್ವಿಗೆ ಸೇರುತ್ತದೆ, ಮೇಲಿನ ಯಾವ ಶೆಡ್ಯೂಲಿಂಗ್ ಕ್ರಮವೂ ಅದನ್ನು ತಡೆಯುವುದಿಲ್ಲ. ನಿಮ್ಮದು ಎಸ್‌ಟಿಎಂ32ಎಫ್103 ಆಗಿದ್ದರೆ ಕಾರ್ಡನ್ನು `SPI2`ಗೆ ಸರಿಸಿ, ಸೆನ್ಸರನ್ನು `SPI1`ರಲ್ಲೇ ಬಿಡಿ. ಬಸ್ಸಿನ ಸಂಪರ್ಕ ಹೇಗಿದೆ ಎಂಬುದನ್ನೂ, ರಾತ್ರಿಯಿಡೀ ಅಳೆದಾಗ ಸಿಕ್ಕ ಗರಿಷ್ಠ ಸಂಖ್ಯೆಯನ್ನೂ ಇಲ್ಲಿ ಹಾಕಿದರೆ ಲೆಕ್ಕವನ್ನು ಮತ್ತೊಮ್ಮೆ ಒಟ್ಟಿಗೆ ಮಾಡೋಣ.