ನೊಗ ಬಿಡಿ, ಕಣಕ್ಕೆ ಬನ್ನಿ

"ಸಾರ್, ನಾನು ರಾಯಚೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ಫೇಸ್ ಲಾಕ್ಡ್ ಲೂಪ್ ಬಗ್ಗೆ ಲೇಖನ ಕಳಿಸಿದ್ದೇನೆ. ಮೂರೂ ಭಾಗಗಳನ್ನು ವಿವರಿಸಿದ್ದೇನೆ. ಆದರೆ ಲಾಕ್ ಆಗೋದು ಹೇಗೆ ಅನ್ನೋ ಜಾಗದಲ್ಲಿ ಗೆಳೆಯರಿಗೆ ಅರ್ಥ ಆಗಲಿಲ್ಲವಂತೆ. ಅಚ್ಚಿಗೆ ಹೋಗುತ್ತದೆಯೇ? ಏನು ತಿದ್ದಬೇಕು?"

ಈಗಿರುವಂತೆ ಹೋಗುವುದಿಲ್ಲ. ಭಾಷೆ ಚೆನ್ನಾಗಿದೆ, ತೊಂದರೆ ಅದರಲ್ಲಿಲ್ಲ. ನಿಮ್ಮ ಗೆಳೆಯರು ಎಡವಿದ ಜಾಗದಲ್ಲೇ ನೀವೂ ಎಡವಿದ್ದೀರಿ, ಆದರೆ ಉಪಮೆಯೊಂದನ್ನು ಹಾಕಿ ದಾಟಿಬಿಟ್ಟಿದ್ದೀರಿ.

ಮೊದಲ ಎರಡು ಪುಟ ತೆಗೆದುಹಾಕಿ. 1932ರಲ್ಲಿ ಫ್ರೆಂಚ್ ಎಂಜಿನಿಯರ್ ಬೆಲ್ಲೆಸ್ಕಿಜ್ ಇದರ ಬಗ್ಗೆ ಬರೆದದ್ದು, ರೇಡಿಯೊ, ಮೊಬೈಲು, ಎಲ್ಲವೂ ಸರಿಯೇ. ಆದರೆ ಓದುಗ ಬಂದಿರುವುದು ಲಾಕ್ ನೋಡಲಿಕ್ಕೆ. ಮೂರು ಭಾಗಗಳಿಗೂ ಒಂದೊಂದು ಸಾಲು ಸಾಕು. ಫೇಸ್ ಡಿಟೆಕ್ಟರ್ ಎರಡು ಸಿಗ್ನಲ್‌ಗಳನ್ನು ಹೋಲಿಸಿ ವೋಲ್ಟೇಜ್ ಕೊಡುತ್ತದೆ. ಲೋ-ಪಾಸ್ ಫಿಲ್ಟರ್ ಅದರ ಕುಣಿತ ತಗ್ಗಿಸುತ್ತದೆ. ಆ ವೋಲ್ಟೇಜ್ ಹೇಳಿದಂತೆ ವಿಸಿಓ ಎಂಬ ಆಸಿಲೇಟರ್ ತನ್ನ ಫ್ರೀಕ್ವೆನ್ಸಿ ಏರಿಸುತ್ತದೆ, ಇಳಿಸುತ್ತದೆ, ಅದರ ಸಿಗ್ನಲ್ ಮತ್ತೆ ಡಿಟೆಕ್ಟರ್‌ಗೇ ಮರಳುತ್ತದೆ.

ಇನ್ನು ನಿಮ್ಮ ಉಪಮೆ. "ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತಿನಂತೆ" ಅಂದಿದ್ದೀರಿ. ನೊಗಕ್ಕೆ ಕಟ್ಟಿದ ಮೇಲೆ ಹಿಡಿಯುವುದೇನು ಉಳಿಯಿತು? ಎತ್ತುಗಳನ್ನು ನೊಗದಿಂದ ಬಿಚ್ಚಿ, ರಾಶಿ ಕಣಕ್ಕೆ ತನ್ನಿ. ಮೇಟಿಯ ಸುತ್ತ ಎರಡು ಎತ್ತು ಬೇರೆ ಬೇರೆಯಾಗಿ ಸುತ್ತುತ್ತಿವೆ ಅಂತ ಇಟ್ಟುಕೊಳ್ಳಿ. ಒಂದು ಇನ್‌ಪುಟ್, ಇನ್ನೊಂದು ವಿಸಿಓ. ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು ಫ್ರೀಕ್ವೆನ್ಸಿ. ಈ ಗಳಿಗೆಯಲ್ಲಿ ಕಣದ ಯಾವ ಮೂಲೆಯಲ್ಲಿದೆ ಅನ್ನೋದು ಫೇಸ್. ಒಂದರ ಕಾಲು ಚುರುಕಾದರೆ ಅದು ಇನ್ನೊಂದನ್ನು ಮತ್ತೆ ಮತ್ತೆ ದಾಟುತ್ತದೆ. ದಾಟುವುದು ನಿಂತಾಗ ಲಾಕ್ ಆಯಿತು. ಆದರೆ ಎರಡೂ ಪಕ್ಕಪಕ್ಕದಲ್ಲೇ ಇರಬೇಕೆಂದಿಲ್ಲ. ಕಾಲು ಸುತ್ತು ಹಿಂದೆ ಇದ್ದೂ ಸುತ್ತಿನ ಲೆಕ್ಕ ಒಂದೇ ಇರಬಹುದು, ಅಲ್ವಾ?

ನಿಮ್ಮ ದೊಡ್ಡ ತಪ್ಪು ಬಂದಿರುವುದು ಇಲ್ಲಿಯೇ. "ಲಾಕ್ ಆದಾಗ ಎರರ್ ಸೊನ್ನೆಯಾಗುತ್ತದೆ" ಎಂದು ಬರೆದಿದ್ದೀರಿ. ಯಾವ ಎರರ್? ಫ್ರೀಕ್ವೆನ್ಸಿಯ ವ್ಯತ್ಯಾಸ ಸೊನ್ನೆಯಾಗುತ್ತದೆ, ಫೇಸಿನ ವ್ಯತ್ಯಾಸ ಉಳಿಯುತ್ತದೆ. ನೀವು ಲ್ಯಾಬಿನಲ್ಲಿ ಬಳಸಿದ ಎಲ್‌ಎಂ 565 ಐಸಿಯನ್ನೇ ತೆಗೆದುಕೊಳ್ಳಿ. ಅದರ ಡಿಟೆಕ್ಟರ್‌ಗೆ 90 ಡಿಗ್ರಿ ಅಂತರವೇ ನಡುಬಿಂದು. ಅಲ್ಲಿ ವಿಸಿಓಗೆ ಏರಿಸು ಅಂತಲೂ ಹೇಳುವುದಿಲ್ಲ, ಇಳಿಸು ಅಂತಲೂ ಹೇಳುವುದಿಲ್ಲ. ವಿಸಿಓ ತನ್ನಷ್ಟಕ್ಕೆ ಓಡುವ ಫ್ರೀಕ್ವೆನ್ಸಿಗಿಂತ ಮೇಲೆ ಓಡಬೇಕಾದರೆ ಡಿಟೆಕ್ಟರ್ ಸದಾ ಸ್ವಲ್ಪ ತಳ್ಳುತ್ತಲೇ ಇರಬೇಕು. ಆ ತಳ್ಳುವಿಕೆ ಬರುವುದು ಫೇಸ್ 90ರಿಂದ ಸರಿದಿದ್ದಕ್ಕೇ.

ನಿಮ್ಮದೇ ಅಂಕಿಗಳಲ್ಲಿ ನೋಡೋಣ. R1 12 ಕಿಲೋಓಮ್, C1 0.01 ಮೈಕ್ರೋಫ್ಯಾರಡ್, ಸಪ್ಲೈ ಪ್ಲಸ್-ಮೈನಸ್ 10 ವೋಲ್ಟ್, ಅಂದರೆ ಒಟ್ಟು 20.

```
f0 = 1.2 / (4 × R1 × C1) = 2500 Hz
fL = ± 8 × f0 / V = ± 1000 Hz
```

f0 ಅಂದರೆ ಇನ್‌ಪುಟ್ ಇಲ್ಲದಾಗ ವಿಸಿಓ ತನ್ನಷ್ಟಕ್ಕೆ ಓಡುವ ಫ್ರೀಕ್ವೆನ್ಸಿ, fL ಅಂದರೆ ಅದರ ಎರಡೂ ಬದಿಗೆ ಸಿಗುವ ಹಿಡಿತ. ಒಮ್ಮೆ ಹಿಡಿದರೆ 1500ರಿಂದ 3500 ಹರ್ಟ್ಸ್‌ವರೆಗೂ ಲೂಪ್ ಬಿಡುವುದಿಲ್ಲ. ಇದು ಲಾಕ್ ರೇಂಜ್. 3000ದಲ್ಲಿ, ಅಂದರೆ ಅರ್ಧ ದಾರಿಯಲ್ಲಿ, ಫೇಸ್ 90ರಿಂದ ಸುಮಾರು 45 ಡಿಗ್ರಿ ಸರಿದಿರುತ್ತದೆ. 3500ಕ್ಕೆ ಪೂರ್ತಿ 90 ಡಿಗ್ರಿ ಸರಿದು ಡಿಟೆಕ್ಟರಿನ ಬಲ ಮುಗಿಯುತ್ತದೆ. ಅದರಾಚೆ ವೋಲ್ಟೇಜ್ ಏರುವ ಬದಲು ಇಳಿಯುತ್ತದೆ, ಲಾಕ್ ಕಳಚುತ್ತದೆ.

ಆದರೆ ಇದು ಹಿಡಿದ ಮೇಲಿನ ಮಾತು. ಹಿಡಿಯುವ ಮಾತು ಬೇರೆ. ನೀವು ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಿದ್ದೀರಿ. ನಾನೂ ಕಲಸಿದವನೇ. ಬಳ್ಳಾರಿಯಲ್ಲಿ ಓದುವಾಗ ಇದೇ ಪ್ರಯೋಗದಲ್ಲಿ ಸಿಗ್ನಲ್ ಜನರೇಟರನ್ನು ನೇರವಾಗಿ 3000ಕ್ಕೆ ಇಟ್ಟೆ. ಲೆಕ್ಕದ ಪ್ರಕಾರ ಲಾಕ್ ರೇಂಜಿನ ಒಳಗೇ ಇದೆ. ಲಾಕ್ ಆಗಲಿಲ್ಲ. ಐಸಿ ಕೆಟ್ಟಿದೆ ಅಂತ ಮೂರು ಐಸಿ ಬದಲಿಸಿದೆ. ಕೊನೆಗೆ ಲ್ಯಾಬಿನ ಅಟೆಂಡರ್ ಅಣ್ಣ ಬಂದು, "ಒಮ್ಮಿಗೇ ಜಿಗಿಬ್ಯಾಡ ತಮ್ಮಾ, ಮೆಲ್ಲಕ ತಿರುಗಿಸ್ಕೋತ ಬಾ" ಅಂದ. 2500ರಿಂದ ಮೆಲ್ಲಗೆ ತಿರುಗಿಸಿದೆ. 3000 ದಾಟಿದರೂ ಬಿಡಲಿಲ್ಲ.

ಕಾರಣ ಪಿನ್ 7ರಲ್ಲಿದ್ದ 10 ಮೈಕ್ರೋಫ್ಯಾರಡ್ ಕೆಪಾಸಿಟರ್, C2. ಐಸಿ ಒಳಗಿನ 3.6 ಕಿಲೋಓಮ್ ಜೊತೆ ಸೇರಿ ಅದೇ ಫಿಲ್ಟರ್. ಇದು ಸುಮಾರು 4.4 ಹರ್ಟ್ಸ್‌ನಿಂದಲೇ ತಗ್ಗಿಸಲು ಶುರುಮಾಡುತ್ತದೆ. ಈಗ 2550 ಹರ್ಟ್ಸ್ ಕೊಡಿ. ವಿಸಿಓ 2500ದಲ್ಲಿದೆ. ಡಿಟೆಕ್ಟರಿನಿಂದ ಎರಡರ ಮೊತ್ತ 5050 ಹರ್ಟ್ಸ್ ಬರುತ್ತದೆ, ಅದು ಫಿಲ್ಟರಿನಲ್ಲೇ ಸಾಯುತ್ತದೆ. ಉಳಿದದ್ದು ಎರಡರ ವ್ಯತ್ಯಾಸ 50 ಹರ್ಟ್ಸ್, ಎತ್ತು ಎತ್ತನ್ನು ದಾಟುವ ಲೆಕ್ಕ. ಇದೂ ಸುಮಾರು ಹನ್ನೊಂದರಲ್ಲಿ ಒಂದು ಪಾಲಾಗಿ ಸೊರಗುತ್ತದೆ. ಪೂರ್ತಿ ಬಲವಿದ್ದರೆ ವಿಸಿಓವನ್ನು 1000 ಹರ್ಟ್ಸ್ ಎಳೆಯುತ್ತಿತ್ತು, ಈಗ 88 ಹರ್ಟ್ಸ್ ಎಳೆಯುತ್ತದೆ. ಬೇಕಿರುವುದು 50 ಮಾತ್ರ. ಹಾಗಾಗಿ ಕೈಗೆ ಎಟುಕುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ವಿಸಿಓ ಮೇಲಕ್ಕೆ ತೂಗಿದಾಗ ಅಂತರ ಕಮ್ಮಿಯಾಗುತ್ತದೆ, ದಾಟುವುದು ನಿಧಾನವಾಗುತ್ತದೆ, ಆ ಸ್ಥಿತಿಯಲ್ಲೇ ಜಾಸ್ತಿ ಹೊತ್ತು ಕಳೆಯುತ್ತದೆ. ಕೆಳಕ್ಕೆ ತೂಗಿದಾಗ ಅಂತರ ಹೆಚ್ಚಿ ಬೇಗ ಮುಗಿದುಹೋಗುತ್ತದೆ. ಸರಾಸರಿ ಮೇಲಕ್ಕೇ ವಾಲುತ್ತದೆ. ತೂಗಾಟ ಅಂತರವನ್ನು ಮುಟ್ಟಿದ ಗಳಿಗೆ ದಾಟುವುದು ನಿಂತು ಲೂಪ್ ಹಿಡಿದುಕೊಳ್ಳುತ್ತದೆ.

ನನ್ನ 3000ದಲ್ಲಿ ಅಂತರ 500 ಹರ್ಟ್ಸ್. ಫಿಲ್ಟರ್ ದಾಟಿ ಬಂದ ಬಲ ವಿಸಿಓವನ್ನು 9 ಹರ್ಟ್ಸ್ ಅಲುಗಾಡಿಸಿತು ಅಷ್ಟೆ. ಎಳೆತ ಮತ್ತು ಅಂತರ ಸಮವಾಗುವ ಜಾಗ ಸುಮಾರು 66 ಹರ್ಟ್ಸ್, ಅದೇ ಕ್ಯಾಪ್ಚರ್ ರೇಂಜ್. ನೀವು ಪುಸ್ತಕದಿಂದ ನಕಲು ಮಾಡಿದ ಸೂತ್ರವೂ ಇದನ್ನೇ ಹೇಳುತ್ತದೆ. ಅದರಲ್ಲಿರುವ ವರ್ಗಮೂಲ ಎಲ್ಲಿಂದ ಬಂತು ಅಂತ ಒಂದು ಮಾತು ಹೇಳದೆ ಸುಮ್ನೆ ಇಟ್ಟಿದ್ದೀರಿ. ಅಂತರ ಹೆಚ್ಚಿದಷ್ಟೂ ಎಳೆತ ಕುಗ್ಗುತ್ತದೆ, ಅಲ್ಲಿಂದ ಬಂತು. C2ವನ್ನು 1 ಮೈಕ್ರೋಫ್ಯಾರಡ್‌ಗೆ ಇಳಿಸಿದರೆ ಕ್ಯಾಪ್ಚರ್ ಸುಮಾರು 210ಕ್ಕೆ ಏರುತ್ತದೆ. ಆದರೆ ಕುಣಿತ ಹೆಚ್ಚು ನುಸುಳಿ ವಿಸಿಓ ನಡುಗುತ್ತದೆ. ಲಾಕ್ ರೇಂಜ್ ಮಾತ್ರ ಅಲುಗುವುದಿಲ್ಲ. ಲಾಕ್ ಆದ ಮೇಲೆ ಫಿಲ್ಟರ್ ದಾಟಬೇಕಿರುವುದು ಡಿಸಿ, ಅದಕ್ಕೆ ಕೆಪಾಸಿಟರ್ ಅಡ್ಡ ಬರುವುದಿಲ್ಲ.

ನಿಮ್ಮ ಚಿತ್ರದಲ್ಲಿ ಬರೀ ಡಬ್ಬಿಗಳಿವೆ. ಅದರ ಬದಲು ಆಸಿಲೋಸ್ಕೋಪಿನಲ್ಲಿ ಕಂಡದ್ದನ್ನು ಬರೆಯಿರಿ. ಇನ್‌ಪುಟ್ ಮೇಲೆ ಟ್ರಿಗರ್ ಮಾಡಿದಾಗ ಲಾಕ್ ಆಗುವ ಮುಂಚೆ ವಿಸಿಓ ಅಲೆ ಪಕ್ಕಕ್ಕೆ ಜಾರುತ್ತಿರುತ್ತದೆ, ಆದ ಕೂಡಲೇ ಗಕ್ಕನೆ ನಿಲ್ಲುತ್ತದೆ. ನಿಂತ ಮಾತ್ರಕ್ಕೆ ನಂಬಬೇಡಿ. 7500 ಹರ್ಟ್ಸ್ ಹತ್ತಿರ ಕೊಟ್ಟರೂ ಅದು ನಿಲ್ಲಬಹುದು, ವಿಸಿಓದ ಮೂರನೇ ಹಾರ್ಮೋನಿಕ್ ಹಿಡಿದುಬಿಟ್ಟಿರುತ್ತದೆ. ವಿಸಿಓದ ಒಂದು ಅಲೆಗೆ ಇನ್‌ಪುಟ್‌ನ ಮೂರು ಅಲೆ ಕಂಡರೆ ಇದೇ ಕಾಟ.

4046 ಎಂಬ ಇನ್ನೊಂದು ಐಸಿ ಬಗ್ಗೆ ಬರೆದ ಕೊನೆಯ ಪ್ಯಾರಾ ಸದ್ಯ ಬಿಡಿ. ಅದರ ಎರಡನೇ ಕಂಪೇರೇಟರ್ ಬಳಸಿದರೆ ಕ್ಯಾಪ್ಚರೂ ಲಾಕೂ ಒಂದೇ ಆಗುತ್ತದೆ, ಲಾಕ್ ಆದಾಗ ಫೇಸ್ ಅಂತರವೂ ಸೊನ್ನೆಗೆ ಬರುತ್ತದೆ. ನಿಮ್ಮ "ಎರರ್ ಸೊನ್ನೆ" ಮಾತು ಅಲ್ಲಿಂದ ತೇಲಿ ಬಂದಿರಬೇಕು. ಅದೇ ಬೇರೆ ಲೇಖನ.

ಮತ್ತೆ ಕಳಿಸುವಾಗ ಇಷ್ಟು ಮಾಡಿ. ಇನ್‌ಪುಟ್ ತೆಗೆದು ನಿಮ್ಮ ಬೋರ್ಡಿನ ವಿಸಿಓ ನಿಜವಾಗಿ ಎಷ್ಟರಲ್ಲಿ ಓಡುತ್ತದೆ ಅಳೆಯಿರಿ, 2500 ಅಂತ ಕಣ್ಣು ಮುಚ್ಚಿ ಬರೆಯಬೇಡಿ. ಆಮೇಲೆ 1000ದಿಂದ ಮೇಲಕ್ಕೆ ಒಮ್ಮೆ, 4000ದಿಂದ ಕೆಳಕ್ಕೆ ಒಮ್ಮೆ ತಿರುಗಿಸಿ. ಹಿಡಿದ, ಬಿಟ್ಟ ನಾಲ್ಕು ಅಂಕಿಗಳನ್ನು ಬರೆದುಕೊಳ್ಳಿ. ಹೋಗುವಾಗ ಹಿಡಿದ ಜಾಗ, ಬರುವಾಗ ಬಿಟ್ಟ ಜಾಗ ಒಂದೇ ಇರುವುದಿಲ್ಲ. ಲೇಖನವನ್ನು ಆ ನಾಲ್ಕು ಅಂಕಿಗಳಿಂದಲೇ ಶುರು ಮಾಡಿ.