ಹತ್ತು ಗುಂಟೆಯ ತಪ್ಪು: ಒಬ್ಬ ಅನುವಾದಕಿಯ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಆಪ್ತಸಲಹೆಗೆ ಬರುವ ಮೊದಲು ನಾನೂ ಕಾರವಾರದಲ್ಲಿ ಹಲವು ವರ್ಷ ವಕೀಲರ ಕಾಗದಪತ್ರಗಳನ್ನು ಅನುವಾದ ಮಾಡಿದವಳು. ಹಾಗಾಗಿ ಈ ಅನುವಾದಕಿಯ ಸಂಕಟ ನನಗೆ ಬೇಗ ಅರ್ಥವಾಯಿತು.

ಅವಳು ಶಿರಸಿ ಕಡೆಯವಳು. ಮೂವತ್ತರ ಆಸುಪಾಸು. ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ಸು ಬದಲಿಸಿ ನನ್ನಲ್ಲಿಗೆ ಬಂದಿದ್ದಳು. ಕೂತವಳೇ ಹೇಳಿದ್ದು: "ಅಕ್ಕಾ, ಒಂದು ಪುಟ ಮುಗಿಸೋಕೆ ಈಗ ಇಡೀ ದಿನ ಬೇಕು. ಒಂದೇ ಅಂಕಿಯನ್ನು ಹತ್ತು ಸಲ ನೋಡ್ತೇನೆ. ರಾತ್ರಿ ಎದ್ದು ಮತ್ತೆ ನೋಡ್ತೇನೆ."

ನಡೆದದ್ದು ಇಷ್ಟು. ಒಂದು ಮನೆತನದ ಹಳೇ ಪಾಲುಪತ್ರ ಅವಳ ಕೈಗೆ ಬಂದಿತ್ತು. ಕನ್ನಡ ಓದಲು ಬಾರದ, ಹೊರರಾಜ್ಯದಲ್ಲೇ ಬೆಳೆದ ಮೊಮ್ಮಗನಿಗಾಗಿ ಅದನ್ನು ಇಂಗ್ಲಿಷಿಗೆ ಮಾಡಬೇಕಿತ್ತು. ಒಟ್ಟು ತೋಟ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಒಟ್ಟು 100 ಗುಂಟೆ. ಮೂವರು ಅಣ್ಣತಮ್ಮಂದಿರ ಪಾಲು 33, 33, 24 ಎಂದು ಬರೆದಿತ್ತು. ಕೂಡಿಸಿದರೆ 90. ಕೊನೆಯದು 34 ಆಗಿದ್ದರೆ ಲೆಕ್ಕ ಸರಿಯಾಗುತ್ತದೆ. ಟೈಪ್ ಮಾಡಿದವರು 3ರ ಬದಲು 2 ಒತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಸುಮ್ನೆ 34 ಎಂದು ಹಾಕಿದಳು. ಕೆಳಗೆ "ಮೂಲಕ್ಕೆ ನಿಷ್ಠವಾದ, ಸರಿಯಾದ ಅನುವಾದ" ಎಂದು ಸಹಿಯನ್ನೂ ಮಾಡಿದಳು.

24 ತಪ್ಪೇ ಆಗಿರಲಿಲ್ಲ. ಕಿರಿಯ ಮಗನ ಪಾಲಿನಿಂದ 10 ಗುಂಟೆಯನ್ನು ತಾಯಿಯ ಹೆಸರಿಗೆ ಬಿಟ್ಟಿದ್ದರು. ಆ ಮಾತು ಆರನೇ ಪುಟದಲ್ಲಿತ್ತು. ಆದರೆ ಅಲ್ಲಿ ಗುಂಟೆಯ ಲೆಕ್ಕ ಇರಲಿಲ್ಲ. "ಬಾವಿಯ ಕಡೆಯ ತೋಟವು ತಾಯಿಯವರಿಗೆ" ಎಂದಷ್ಟೇ ಇತ್ತು. ಆ ಸಾಲನ್ನೂ ಇವಳೇ ಅನುವಾದ ಮಾಡಿದ್ದಳು. ಎರಡನ್ನೂ ಜೋಡಿಸಿ ನೋಡಿರಲಿಲ್ಲ, ಅಷ್ಟೇ. ಮೊಮ್ಮಗ ಇಂಗ್ಲಿಷ್ ಪ್ರತಿ ಹಿಡಿದು ದೊಡ್ಡಪ್ಪನ ಮನೆಗೆ ಹೋದ. ಹತ್ತು ಗುಂಟೆ ಅಡಿಕೆ ತೋಟ ಅಂದರೆ ನೂರಕ್ಕೂ ಜಾಸ್ತಿ ಮರ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ವಕೀಲರು ಮೂಲ ತೆಗೆದು ನೋಡಿ, ಇವಳಿಗೆ ಫೋನ್ ಮಾಡಿದರು.

"ನಾನು ಒಳ್ಳೇದಕ್ಕೇ ಮಾಡಿದ್ದು ಅಕ್ಕಾ" ಎಂದು ಅತ್ತಳು. ಅದು ಸುಳ್ಳಲ್ಲ. ಮನೆಯಲ್ಲಿ ಎಲ್ಲರ ಅರ್ಜಿ, ಪತ್ರ, ತಮ್ಮನ ಶಾಲೆಯ ನಿಬಂಧ, ಎಲ್ಲವನ್ನೂ ತಿದ್ದಿಕೊಟ್ಟು ಬೆಳೆದ ಹುಡುಗಿ ಅವಳು. ತಪ್ಪು ಕಂಡರೆ ಕೈ ತಾನಾಗಿ ಹೋಗುತ್ತದೆ. ಆದರೆ ತಮ್ಮನ ನಿಬಂಧ ತಿದ್ದಿದರೆ ಅವನಿಗೆ ಗೊತ್ತಾಗುತ್ತದೆ. ಪಾಲುಪತ್ರದಲ್ಲಿ ತಿದ್ದಿದ್ದು ಯಾರಿಗೂ ಗೊತ್ತಾಗಲಿಲ್ಲ. ಇಂಗ್ಲಿಷ್ ಪ್ರತಿಯಲ್ಲಿ 34 ಎಷ್ಟು ನೀಟಾಗಿ ಕೂತಿತ್ತೆಂದರೆ, ಅನುಮಾನ ಬರಲು ಜಾಗವೇ ಇರಲಿಲ್ಲ. ಮೂಲದಲ್ಲಿ ಓದುಗನನ್ನು ತಡೆದು ನಿಲ್ಲಿಸುವ ಒಂದು ಎಡವುಗಲ್ಲು ಇತ್ತು. ಅದನ್ನು ಇವಳು ತೆಗೆದುಬಿಟ್ಟಿದ್ದಳು. ಇದನ್ನೇ ಅವಳಿಗೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು.

ಮೊದಲು ಆಗಿದ್ದನ್ನು ಸರಿಮಾಡಬೇಕಿತ್ತು. ಆ ಪ್ರತಿ ಯಾರ ಯಾರ ಕೈ ಸೇರಿದೆ ಎಂದು ವಕೀಲರನ್ನು ಕೇಳು ಎಂದೆ. ಹೊಸ ಪ್ರತಿಗೆ ಹೊಸ ತಾರೀಕು ಹಾಕು. "ಇಂಥ ದಿನದ ಹಿಂದಿನ ಪ್ರತಿಯಲ್ಲಿ ಮೂರನೇ ಪಾಲು 34 ಎಂದು ತಪ್ಪಾಗಿ ಬಂದಿದೆ, ಮೂಲದಲ್ಲಿ 24 ಇದೆ, ಈ ಪ್ರತಿಯನ್ನೇ ಬಳಸಿ" ಎಂದು ಮೇಲೆಯೇ ಬರೆ. ಕ್ಷಮೆ ಕೇಳುವುದಿದ್ದರೆ ಎರಡು ಸಾಲಿನಲ್ಲಿ ಕೇಳು, ಕಾರಣಗಳ ಪಟ್ಟಿ ಬೇಡ. ನನ್ನ ಎದುರೇ ಕೂತು ಬರೆದಳು.

ಆಮೇಲೆ ಕೆಲಸದ ರೀತಿಗೆ ಬಂದೆವು. ಹತ್ತು ಸಲ ನೋಡಿದರೆ ಹೆದರಿಕೆ ಕಡಿಮೆಯಾಗುವುದಿಲ್ಲ. ಯಾವುದನ್ನು, ಯಾವಾಗ ನೋಡಬೇಕು ಎಂದು ಗೊತ್ತಿದ್ದರೆ ಒಂದು ಸಲ ಸಾಕು. ಅನುವಾದ ಶುರು ಮಾಡುವ ಮೊದಲು ಇಡೀ ಕಾಗದವನ್ನು ಪೆನ್ಸಿಲ್ ಹಿಡಿದು ಓದು ಎಂದೆ. ಮೊತ್ತಗಳನ್ನು ಕೂಡಿಸು. ಅಂಕಿಯಲ್ಲಿರುವುದು ಅಕ್ಷರದಲ್ಲೂ ಹಾಗೇ ಇದೆಯಾ ನೋಡು. ಒಂದೇ ಹೆಸರು, ಒಂದೇ ಸರ್ವೆ ನಂಬರು ಎಲ್ಲ ಪುಟದಲ್ಲೂ ಒಂದೇ ಥರ ಇದೆಯಾ ನೋಡು. ಚಕ್ಕುಬಂದಿಯಲ್ಲಿ ನಾಲ್ಕು ದಿಕ್ಕೂ ಬಂದಿವೆಯಾ, ಪೂರ್ವವೇ ಎರಡು ಸಲ ಬಂದಿದೆಯಾ ನೋಡು. ಒಂದು ಒತ್ತಕ್ಷರ ಬಿಟ್ಟುಹೋಗಿ, ಅರ್ಥಕ್ಕೆ ಏನೂ ಆಗದಿದ್ದರೆ ಟಿಪ್ಪಣಿ ಬೇಡ, ಸುಮ್ನೆ ಅನುವಾದ ಮಾಡು. ಅಂಥದ್ದಕ್ಕೂ ಟಿಪ್ಪಣಿ ಬರೆಯುತ್ತಾ ಹೋದರೆ ನಿಜವಾಗಿ ಬೇಕಾದ ಟಿಪ್ಪಣಿ ಅದರಲ್ಲಿ ಮುಚ್ಚಿಹೋಗುತ್ತದೆ.

ಅನುಮಾನ ಬಂದದ್ದನ್ನು ಕೆಲಸ ಕೊಟ್ಟವರಿಗೆ ಬರಹದಲ್ಲೇ ಕೇಳಬೇಕು. ಅದೇ 24ರ ಬಗ್ಗೆ ಅಂದು ಹೇಗೆ ಕೇಳಬಹುದಿತ್ತು ಎಂದು ಇಬ್ಬರೂ ಸೇರಿ ಬರೆದೆವು:

"ಪುಟ 4, ಸಾಲು 11: ಮೂರನೇ ಪಾಲು 24 ಗುಂಟೆ ಎಂದಿದೆ. ಮೂರೂ ಪಾಲು ಸೇರಿಸಿದರೆ 90 ಗುಂಟೆ. ಪುಟ 2ರಲ್ಲಿ ಒಟ್ಟು 100 ಗುಂಟೆ ಇದೆ. ಉಳಿದ 10 ಗುಂಟೆಯ ವಿವರ ನನಗೆ ಸಿಗಲಿಲ್ಲ. ಬೇರೆ ಪುಟ ಅಥವಾ ನಕ್ಷೆ ಇದ್ದರೆ ಕಳಿಸಿ. ಏನೂ ಸಿಗದಿದ್ದರೆ ಅನುವಾದದಲ್ಲಿ 24 ಎಂದೇ ಇಟ್ಟು ಟಿಪ್ಪಣಿ ಹಾಕುತ್ತೇನೆ."

ಇದರಲ್ಲಿ 34 ಎಂಬ ಅಂಕಿಯೇ ಇಲ್ಲ, ಗಮನಿಸಿ. "34 ಅಲ್ವಾ?" ಎಂದು ಕೇಳಿದರೆ, ಅವಸರದಲ್ಲಿರುವ ಯಾರಾದರೂ "ಹೌದು ಹೌದು, ಹಾಕಿ" ಅಂದುಬಿಡುತ್ತಾರೆ.

ಉತ್ತರ ಬಾರದಿದ್ದರೆ ಅಂಕಿಯನ್ನು ಮೂಲದಲ್ಲಿದ್ದಂತೆಯೇ ಇಡಬೇಕು. ಪಕ್ಕದಲ್ಲಿ ಚೌಕ ಕಂಸದಲ್ಲಿ, ಇಲ್ಲವೇ ಪುಟದ ಕೆಳಗೆ, "ಅನುವಾದಕರ ಟಿಪ್ಪಣಿ: ಮೂಲದಲ್ಲಿ ಹೀಗಿದೆ, ಪಾಲುಗಳ ಮೊತ್ತ 90 ಆಗುತ್ತದೆ, ಪುಟ 2ರ ಒಟ್ಟು 100" ಎಂದು ಬರೆಯಬೇಕು. ಮೂಲದಲ್ಲಿ ಹೀಗೇ ಇದೆ ಎಂಬ ಅರ್ಥದ "ಸಿಕ್" ಎಂಬ ಲ್ಯಾಟಿನ್ ಪದವನ್ನಷ್ಟೇ ಹಾಕಿ ಬಿಡುವವರಿದ್ದಾರೆ. ಮನೆಯವರಿಗೆ ಅದು ಅರ್ಥವಾಗುವುದಿಲ್ಲ. ಏನು ಅನುಮಾನ ಎಂದೂ ಅದು ಹೇಳುವುದಿಲ್ಲ.

"ಮನೆಯವರೇ ಫೋನ್ ಮಾಡಿ ತಿದ್ದಿ ಅಂದ್ರೆ?" ಎಂದು ಕೇಳಿದಳು. ಸಹಿಯಾಗಿ ನೋಂದಣಿಯಾದ ಕಾಗದ ಫೋನಿನ ಮಾತಿನಿಂದ ಬದಲಾಗುವುದಿಲ್ಲ. ತಪ್ಪು ನಿಜವಾಗಿದ್ದರೆ ಅವರು ಉಪನೋಂದಣಿ ಕಚೇರಿಯಲ್ಲಿ ತಿದ್ದುಪಡಿ ಪತ್ರ ಮಾಡಿಸಬೇಕು. ಆ ಪತ್ರವನ್ನೂ ನೀನು ಅನುವಾದ ಮಾಡಿಕೊಡಬಹುದು. ಬರೆದವರು ಕೈಗೆ ಸಿಗುವ ಕರಪತ್ರ, ಔಷಧಿ ಬಳಕೆಯ ಸೂಚನೆಯಂಥದ್ದಾದರೆ ದಾರಿ ಸುಲಭ. ಮೂಲವನ್ನೇ ತಿದ್ದಿ ಮತ್ತೆ ಕಳಿಸಿ ಎನ್ನಬಹುದು. ಆಗ ಎರಡೂ ಭಾಷೆಯಲ್ಲಿ ಒಂದೇ ಇರುತ್ತದೆ.

ಎರಡು ತಿಂಗಳಿಗೆ ಮೂರು ಸಲ ಬಂದಳು. ಮೂರನೇ ಸಲ ಬಂದಾಗ ರಾತ್ರಿ ನಿದ್ದೆ ಬರುತ್ತಿತ್ತು. ಕೈಯಲ್ಲಿ ಹೊಸದೊಂದು ಕ್ರಯಪತ್ರದ ನಕಲಿತ್ತು. ಅದರಲ್ಲಿ ಜೂನ್ 31 ಎಂಬ ತಾರೀಕು. ಜೂನ್‌ಗೆ ಮೂವತ್ತೇ ದಿನ. ಹಿಂದಿನ ಅವಳಾಗಿದ್ದರೆ 30 ಎಂದು ಮಾಡಿಬಿಡುತ್ತಿದ್ದಳು. ಈ ಸಲ ಪ್ರಶ್ನೆ ಕಳಿಸಿದ್ದಳು. ಅವರು ಕಚೇರಿಯ ದೃಢೀಕೃತ ನಕಲು ತಂದುಕೊಟ್ಟರು. ಅವಳಿಗೆ ಮೊದಲು ಸಿಕ್ಕಿದ್ದು ಯಾರೋ ಮತ್ತೆ ಟೈಪ್ ಮಾಡಿದ ಪ್ರತಿ. ದೃಢೀಕೃತ ನಕಲಿನಲ್ಲಿ ಜೂನ್ 21 ಎಂದಿತ್ತು.