ಕ್ಯಾಮ್‌ಕಾರ್ಡರ್‌ನ ಹಳೆಯ ವಿಡಿಯೊಗಳನ್ನು ಎಷ್ಟರವರೆಗೆ ಕುಗ್ಗಿಸಬಹುದು?

ಪ್ರಶ್ನೆ: 2010ರಿಂದ 2016ರವರೆಗೆ ಕ್ಯಾಮ್‌ಕಾರ್ಡರ್‌ನಲ್ಲಿ ತೆಗೆದ ಮದುವೆ, ನಾಮಕರಣ ಮತ್ತು ಜಂಬೂ ಸವಾರಿಯ ವಿಡಿಯೊಗಳು ಸುಮಾರು 900 ಜಿಬಿ ಇವೆ. ಎಲ್ಲವೂ MTS ಫೈಲ್‌ಗಳು. 2 ಎಂಬಿಪಿಎಸ್ ಬಿಟ್‌ರೇಟ್ ಕೊಟ್ಟು ಕೆಲವನ್ನು ಕುಗ್ಗಿಸಿದೆ. ಮದುವೆಯದು ಪರವಾಗಿಲ್ಲ, ಜಂಬೂ ಸವಾರಿಯದು ಕಲಸಿಹೋಗಿದೆ. ಎಷ್ಟು ಬಿಟ್‌ರೇಟ್ ಕೊಡಬೇಕು?
– ಓದುಗರೊಬ್ಬರು, ಮಂಡ್ಯ

ಉತ್ತರ: ಬಿಟ್‌ರೇಟನ್ನೇ ಕೊಡಬೇಡಿ. ಹಸೆಮಣೆಯ ಮೇಲೆ ಅಲುಗಾಡದೆ ಕುಳಿತ ವಧೂವರರ ದೃಶ್ಯದಲ್ಲಿ ಒಂದು ಫ್ರೇಮಿಗೂ ಮುಂದಿನದಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲವಾದ್ದರಿಂದ ಅದಕ್ಕೆ 2 ಎಂಬಿಪಿಎಸ್ ಸಾಕಾಗಬಹುದು. ಸಯ್ಯಾಜಿರಾವ್ ರಸ್ತೆಯ ಇಕ್ಕೆಲದಲ್ಲಿ ಕೈಬೀಸುವ ಜನ, ಕುಣಿಯುವ ಕಲಾತಂಡಗಳು, ಅದರ ಮೇಲೆ ಕೈಯಲ್ಲಿ ಹಿಡಿದ ಕ್ಯಾಮೆರಾದ ಅಲುಗಾಟ, ಇವೆಲ್ಲ ಸೇರಿದ ದೃಶ್ಯಕ್ಕೆ ಅಷ್ಟು ಯಾತಕ್ಕೂ ಸಾಲದು. ಎರಡಕ್ಕೂ ಒಂದೇ ಪಡಿತರ ಅಳೆದು ಕೊಟ್ಟಿದ್ದೇ ನಿಮ್ಮಲ್ಲಿ ಆಗಿರುವ ತಪ್ಪು. ಇದಕ್ಕೆ ಬದಲಾಗಿ ಸಿಆರ್‌ಎಫ್ ಎಂಬ ಸೆಟ್ಟಿಂಗ್ ಬಳಸಿದರೆ ಗುಣಮಟ್ಟವನ್ನು ನೀವು ನಿಗದಿ ಮಾಡುತ್ತೀರಿ, ಎಷ್ಟು ಜಾಗ ಬೇಕೆಂಬುದನ್ನು ದೃಶ್ಯಕ್ಕೆ ತಕ್ಕಂತೆ ಎನ್‌ಕೋಡರ್ ನಿರ್ಧರಿಸುತ್ತದೆ. ಈ ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು. ಸುಮಾರು 6 ಹೆಚ್ಚಿಸಿದರೆ ಫೈಲ್ ಅರ್ಧಕ್ಕಿಳಿಯುತ್ತದೆ.

ನಿಮ್ಮ ಫೈಲ್‌ಗಳಲ್ಲಿ ಇನ್ನೊಂದು ತೊಡಕೂ ಇರುವ ಸಾಧ್ಯತೆ ಹೆಚ್ಚು. ಆ ಕಾಲದ ಕ್ಯಾಮ್‌ಕಾರ್ಡರ್‌ಗಳು ಸಾಮಾನ್ಯವಾಗಿ ಪೂರ್ಣ ಚಿತ್ರವನ್ನು ಒಟ್ಟಿಗೆ ದಾಖಲಿಸದೆ, ಬೆಸ ಸಾಲುಗಳನ್ನು ಒಂದು ಕ್ಷಣದಲ್ಲಿ, ಸಮ ಸಾಲುಗಳನ್ನು ಮರುಕ್ಷಣದಲ್ಲಿ ಹಿಡಿಯುತ್ತಿದ್ದವು. ಇದು ಇಂಟರ್‌ಲೇಸ್ಡ್ ವಿಡಿಯೊ. ಆನೆ ನಡೆಯುವಾಗ ವಿಡಿಯೊ ನಿಲ್ಲಿಸಿ ನೋಡಿ: ಸೊಂಡಿಲಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆಗಳು ಕಂಡರೆ ಅನುಮಾನವೇ ಬೇಡ. ಇದನ್ನು ಸರಿಪಡಿಸದೆ ಕುಗ್ಗಿಸಿದರೆ ಎನ್‌ಕೋಡರ್ ಆ ಗೆರೆಗಳನ್ನೂ ಚಿತ್ರದ ವಿವರವೆಂದೇ ತಿಳಿದು ಅವುಗಳ ಮೇಲೆ ಜಾಗ ವ್ಯಯಿಸುತ್ತದೆ. ಆ ಗೆರೆಗಳು ಹೊಸ ಫೈಲಿನಲ್ಲಿ ಶಾಶ್ವತವಾಗಿ ಉಳಿಯುತ್ತವೆ.

ಇಡೀ ಸಂಗ್ರಹಕ್ಕೆ ಕೈಹಾಕುವ ಮೊದಲು, ಅತ್ಯಂತ ಕಷ್ಟದ ಒಂದು ನಿಮಿಷವನ್ನು ಆರಿಸಿಕೊಂಡು ಪರೀಕ್ಷಿಸಿ. ಹನ್ನೆರಡನೆಯ ನಿಮಿಷದಿಂದ 60 ಸೆಕೆಂಡ್ ತೆಗೆದುಕೊಳ್ಳುವುದಾದರೆ, ffmpeg ಎಂಬ ತಂತ್ರಾಂಶಕ್ಕೆ ಕೊಡುವ ಆದೇಶ ಹೀಗಿರುತ್ತದೆ:

```
ffmpeg -ss 00:12:00 -t 60 -i 00012.MTS -vf bwdif -c:v libx265 -crf 22 -c:a copy test22.mp4
```

ಇಲ್ಲಿ bwdif ಬಾಚಣಿಗೆ ಗೆರೆಗಳನ್ನು ಬಿಡಿಸುತ್ತದೆ, ಧ್ವನಿ ಇದ್ದಂತೆಯೇ ನಕಲಾಗುತ್ತದೆ. ಧ್ವನಿಯನ್ನು ಹಿಂಡಿ ಉಳಿಯುವ ಜಾಗ ಅಷ್ಟರಲ್ಲೇ ಇದೆ, ಅಜ್ಜಿಯ ಸೋಬಾನೆ ಪದ ಕೆಡಿಸಿಕೊಳ್ಳುವುದು ಬೇಡ. ಇದೇ ತುಣುಕನ್ನು 20 ಮತ್ತು 25ರಲ್ಲೂ ಮಾಡಿ, ಮೂರನ್ನೂ ಮೊಬೈಲಿನಲ್ಲಲ್ಲ, ಮನೆಯ ದೊಡ್ಡ ಟಿವಿಯಲ್ಲಿ ನೋಡಿ. ಮುಖಗಳ ಮೇಲಿನ ಸೂಕ್ಷ್ಮ ವಿವರ, ರೇಷ್ಮೆ ಸೀರೆಯ ಜರಿ, ಮತ್ತು ದೀಪಾಲಂಕೃತ ಅರಮನೆಯ ಹಿಂದಿನ ಕಪ್ಪು ಆಕಾಶ, ಈ ಮೂರರಲ್ಲೇ ನಷ್ಟ ಮೊದಲು ಕಾಣುವುದು. ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆಗಳು ಕಂಡರೆ `-pix_fmt yuv420p10le` ಸೇರಿಸಿ 10 ಬಿಟ್‌ನಲ್ಲಿ ಮಾಡಬಹುದು. ಆದರೆ ಕೆಲವು ಹಳೆಯ ಟಿವಿಗಳು ಅದನ್ನು ಓಡಿಸಲಾರವು.

ಲೆಕ್ಕವನ್ನೂ ನೋಡೋಣ. ಮೂಲ ಫೈಲ್ 17 ಎಂಬಿಪಿಎಸ್ ಇದ್ದರೆ ಒಂದು ನಿಮಿಷಕ್ಕೆ ಸುಮಾರು 128 ಎಂಬಿ ಆಗುತ್ತದೆ, ಆ ಪ್ರಕಾರ ನಿಮ್ಮ 900 ಜಿಬಿ ಎಂದರೆ ಸುಮಾರು 118 ಗಂಟೆಯ ವಿಡಿಯೊ. ಜನಜಂಗುಳಿಯ ಒಂದು ನಿಮಿಷ 22ರಲ್ಲಿ 70 ಎಂಬಿ ಆದರೂ ಗಾಬರಿಯಾಗಬೇಡಿ. ನಾಮಕರಣದ ನಿಮಿಷ 30 ಎಂಬಿಗೆ ಇಳಿದು ಸರಿದೂಗಿಸುತ್ತದೆ. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಒಂದು ಗಂಟೆಯ ವಿಡಿಯೊಗೆ ಎರಡು ಮೂರು ಗಂಟೆ ಹಿಡಿಯುವುದರಿಂದ ಹತ್ತು ಹದಿನೈದು ದಿನಗಳ ಕೆಲಸವಿದು. ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ಬಹಳ ಬೇಗ ಮುಗಿಸುತ್ತದೆ, ಆದರೆ ಅದೇ ಗುಣಮಟ್ಟಕ್ಕೆ ಸಾಮಾನ್ಯವಾಗಿ ದೊಡ್ಡ ಫೈಲ್ ಕೊಡುತ್ತದೆ. ಒಮ್ಮೆ ಮಾತ್ರ ಮಾಡುವ ಕೆಲಸವಾದ್ದರಿಂದ ನಾನಾದರೆ ಕಾಯುತ್ತೇನೆ.

ಹಲವರು ಅನಂತರ ಪೇಚಾಡುವ ವಿಷಯವೊಂದಿದೆ. ಇಂತಹ MTS ಫೈಲ್‌ಗಳಲ್ಲಿ ಚಿತ್ರೀಕರಣದ ದಿನಾಂಕ ವಿಡಿಯೊ ಪ್ರವಾಹದ ಒಳಗೇ ಅಡಗಿರುತ್ತದೆ, ಮರು ಎನ್‌ಕೋಡ್ ಮಾಡಿದಾಗ ಅಳಿಸಿಹೋಗುತ್ತದೆ. ಆಮೇಲೆ ಯಾವ ವರ್ಷದ ದಸರೆ ಎಂದು ಆನೆಯ ಗುರುತಿನಿಂದಲೇ ಹೇಳಬೇಕಾದೀತು! ಆದ್ದರಿಂದ ಮೊದಲೇ exiftool ಎಂಬ ತಂತ್ರಾಂಶದಿಂದ ದಿನಾಂಕವನ್ನು ಫೈಲಿನ ಹೆಸರಿಗೆ ತಂದುಕೊಳ್ಳಿ:

```
exiftool -ext MTS "-FileName<DateTimeOriginal" -d "%Y-%m-%d_%H%M%S%%-c.%%e" .
```

ಇದು ವಿಂಡೋಸ್‌ನ ಬ್ಯಾಚ್ ಫೈಲಿನೊಳಗೆ ಬರೆಯುವುದಾದರೆ ಪ್ರತಿ % ಚಿಹ್ನೆಯನ್ನು ಎರಡೆರಡು ಬಾರಿ ಬರೆಯಬೇಕು.

ಮೂಲವನ್ನು ಅಳಿಸುವ ಮುನ್ನ ಎರಡೂ ಫೈಲ್‌ಗಳ ಅವಧಿ ಒಂದೇ ಇದೆಯೇ ನೋಡಿ, ಬಳಿಕ `ffmpeg -v error -i ಹೊಸಫೈಲ್.mp4 -f null -` ಎಂದು ಪೂರ್ತಿ ಓದಿಸಿ. ಪರದೆಯ ಮೇಲೆ ಏನೂ ಬರದಿದ್ದರೆ ಫೈಲ್ ಸರಿಯಾಗಿದೆ. ನಿಮ್ಮ ಮದುವೆಯ ಮೂಲ ಪ್ರತಿಯನ್ನು ಮಾತ್ರ ಹಾಗೆಯೇ ಬೇರೊಂದು ಡಿಸ್ಕಿನಲ್ಲಿ ಇಟ್ಟುಕೊಳ್ಳಿ. 2 ಎಂಬಿಪಿಎಸ್‌ಗೆ ಈಗಾಗಲೇ ಕುಗ್ಗಿಸಿರುವ ಪ್ರತಿಗಳನ್ನು ಮತ್ತೆ ಎನ್‌ಕೋಡ್ ಮಾಡಿ ಪ್ರಯೋಜನವಿಲ್ಲ, ಕಳೆದುಹೋದ ವಿವರ ಅದರಿಂದ ಮರಳಿ ಬರುವುದಿಲ್ಲ. ಅವುಗಳ MTS ಮೂಲ ಇನ್ನೂ ಉಳಿದಿದ್ದರೆ ಅಲ್ಲಿಂದಲೇ ಹೊಸದಾಗಿ ಆರಂಭಿಸಿ.